ಯಾವ ಎಳೆ ತಪ್ಪು? ಡಿಎನ್‌ಎಯ ಎರಡು ರಿಪೇರಿಗಳು ಇದನ್ನು ಪತ್ತೆ ಮಾಡುವ ಬಗೆ

ಕ್ಯಾನ್ಸರ್ ಸುದ್ದಿಗಳಲ್ಲಿ ಕೆಲವು ವರ್ಷಗಳಿಂದ 'ಡಿಎನ್‌ಎ ರಿಪೇರಿ ಕೆಟ್ಟಿರುವ ಗಡ್ಡೆ' ಎಂಬ ಮಾತು ಪದೇ ಪದೇ ಬರುತ್ತಿದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪೆಂಬ್ರೊಲಿಜುಮ್ಯಾಬ್ ಔಷಧಕ್ಕೆ ಹೊಸ ಬಗೆಯ ಒಪ್ಪಿಗೆ ಕೊಟ್ಟಿತು. ಬೇರೆ ಚಿಕಿತ್ಸೆ ಫಲಿಸದೆ ಹರಡಿದ ಗಡ್ಡೆಯಲ್ಲಿ ಮಿಸ್‌ಮ್ಯಾಚ್ ರಿಪೇರಿ ಕೆಟ್ಟಿದ್ದರೆ, ಅದು ಯಾವ ಅಂಗದ್ದೇ ಆಗಲಿ, ಈ ಔಷಧ ಕೊಡಬಹುದು ಎಂದಿತು. 2022ರಲ್ಲಿ ಇದೇ ದೋಷವಿದ್ದ ಗುದನಾಳದ ಕ್ಯಾನ್ಸರ್‌ನ 12 ರೋಗಿಗಳ ಮೇಲೆ ಡೋಸ್ಟಾರ್ಲಿಮ್ಯಾಬ್ ಪ್ರಯೋಗದ ಫಲಿತಾಂಶ ಬಂತು. ಹನ್ನೆರಡೂ ಮಂದಿಯಲ್ಲಿ ಪರೀಕ್ಷೆಗೆ ಸಿಗುವಂಥ ಗಡ್ಡೆ ಉಳಿದಿರಲಿಲ್ಲ. ಇದನ್ನು ಓದಿದವರಿಗೆ ರಿಪೇರಿ ಕೆಟ್ಟಿರುವುದು ಒಳ್ಳೆಯದೇ ಅನ್ನಿಸಬಹುದು.

ಆದರೆ ಬೇರೆ ಸುದ್ದಿಗಳು ಬೇರೆಯದನ್ನೇ ಹೇಳುತ್ತವೆ. ಜೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಹುಟ್ಟುಕಾಯಿಲೆ ಇರುವ ಮಕ್ಕಳು ಬಿಸಿಲಿಗೆ ಬರುವಂತಿಲ್ಲ, ಯಾಕೆಂದರೆ ಅವರ ಡಿಎನ್‌ಎ ರಿಪೇರಿ ಕೆಟ್ಟಿದೆ. ಟೆಮೊಜೊಲೊಮೈಡ್ ಔಷಧಕ್ಕೆ ಬಗ್ಗುತ್ತಿದ್ದ ಮಿದುಳಿನ ಗಡ್ಡೆ, ರಿಪೇರಿ ಕೆಟ್ಟ ಮೇಲೆ ಅದಕ್ಕೆ ಬಗ್ಗುವುದನ್ನೇ ನಿಲ್ಲಿಸಬಹುದು. ಮೂತ್ರಕೋಶದ ಕೆಲವು ಗಡ್ಡೆಗಳದು ಇದಕ್ಕೆ ಉಲ್ಟಾ. ಅಲ್ಲಿ ರಿಪೇರಿ ಕೆಟ್ಟಿದ್ದರೆ ಸಿಸ್‌ಪ್ಲಾಟಿನ್ ಚೆನ್ನಾಗಿ ಕೆಲಸ ಮಾಡುತ್ತದೆ.

ಈ ಸುದ್ದಿಗಳೆಲ್ಲ ನಿಜವೇ. ಗೊಂದಲ ಇರುವುದು 'ಡಿಎನ್‌ಎ ರಿಪೇರಿ' ಎಂಬ ಒಂದೇ ಹೆಸರಿನಲ್ಲಿ. ಈ ಹೆಸರಿನ ಕೆಳಗೆ ಹಲವು ಕೆಲಸಗಳಿವೆ. ಈ ಸುದ್ದಿಗಳಿಗೆ ಬೇಕಾದವು ಎರಡು: ನ್ಯೂಕ್ಲಿಯೋಟೈಡ್ ಎಕ್ಸಿಷನ್ ರಿಪೇರಿ, ಅಂದರೆ ಎನ್‌ಇಆರ್, ಮತ್ತು ಮಿಸ್‌ಮ್ಯಾಚ್ ರಿಪೇರಿ, ಅಂದರೆ ಎಂಎಂಆರ್. ಎರಡೂ ಡಿಎನ್‌ಎಯ ಒಂದು ಎಳೆಯಿಂದ ಒಂದು ತುಂಡನ್ನು ತೆಗೆದು, ಇನ್ನೊಂದು ಎಳೆಯನ್ನು ನೋಡಿಕೊಂಡು ಹೊಸದಾಗಿ ಬರೆಯುತ್ತವೆ. ಹಾಗಾದರೆ ಯಾವ ಎಳೆಯನ್ನು ತೆಗೆಯಬೇಕು, ಯಾವುದನ್ನು ನಂಬಬೇಕು? ಇದನ್ನು ತೀರ್ಮಾನಿಸುವ ರೀತಿ ಎರಡರಲ್ಲೂ ಪೂರ್ತಿ ಬೇರೆ. ಮೇಲಿನ ಸುದ್ದಿಗಳ ವಿರೋಧಾಭಾಸ ಬಿಡಿಸಿಕೊಳ್ಳುವುದೂ ಅಲ್ಲೇ.

ಗಾಯ ಬೇರೆ, ಜೋಡಿ ತಪ್ಪು ಬೇರೆ

ಡಿಎನ್‌ಎಯಲ್ಲಿ ಎರಡು ಎಳೆಗಳು ಎದುರುಬದುರಾಗಿ ಕೂತಿರುತ್ತವೆ. ಎ ಎದುರು ಟಿ, ಜಿ ಎದುರು ಸಿ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಒಂದೇ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಟಿಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಸಿಗರೇಟಿನ ಹೊಗೆಯ ಬೆಂಜೊಪೈರೀನ್ ದೇಹದಲ್ಲಿ ಮಾರ್ಪಟ್ಟು ಜಿಗೆ ದೊಡ್ಡ ಗಂಟಿನ ಹಾಗೆ ಅಂಟುತ್ತದೆ. ಸಿಸ್‌ಪ್ಲಾಟಿನ್ ಹೆಚ್ಚಾಗಿ ಪಕ್ಕಪಕ್ಕದ ಎರಡು ಜಿಗಳನ್ನು ಪ್ಲಾಟಿನಂನಿಂದ ಕಟ್ಟಿಹಾಕುತ್ತದೆ. ಇವೆಲ್ಲ ಗಾಯಗಳು. ಇಲ್ಲಿ ರಾಸಾಯನಿಕವಾಗಿಯೇ ಏನೋ ಕೆಟ್ಟಿದೆ, ಮತ್ತು ಕೆಟ್ಟಿರುವುದು ಒಂದು ಎಳೆಯಲ್ಲಿ. ಸುರುಳಿಯ ಆಕಾರವೂ ಅಲ್ಲಿ ಸೊಟ್ಟಗಾಗುತ್ತದೆ. ಇವು ಎನ್‌ಇಆರ್ ಪಾಲಿನ ಕೆಲಸ.

ಜೋಡಿ ತಪ್ಪು ಹಾಗಲ್ಲ. ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ಪಾಲಿಮರೇಸ್ ಕಿಣ್ವ ಒಮ್ಮೊಮ್ಮೆ ಜಿ ಎದುರು ಸಿ ಬದಲು ಟಿ ಇಟ್ಟುಬಿಡುತ್ತದೆ. ತಾನೇ ಹಿಂದಿರುಗಿ ತಿದ್ದಿಕೊಂಡ ಮೇಲೂ ಅದು ಸುಮಾರು ಒಂದು ಕೋಟಿ ಅಕ್ಷರಗಳಿಗೆ ಒಂದು ತಪ್ಪು ಉಳಿಸುತ್ತದೆ. ಮನುಷ್ಯರ ಕೋಶವೊಂದು ಒಮ್ಮೆ ಒಡೆಯುವಾಗ ಸುಮಾರು 600 ಕೋಟಿ ಜೋಡಿಗಳನ್ನು ನಕಲಿಸಬೇಕು. ಅಂದರೆ ನೂರಾರು ತಪ್ಪುಗಳು. ಎಂಎಂಆರ್ ಇವುಗಳಲ್ಲಿ ಬಹುಪಾಲನ್ನು ಸರಿಪಡಿಸಿ ತಪ್ಪಿನ ಪ್ರಮಾಣವನ್ನು ಇನ್ನೂ ನೂರರಿಂದ ಸಾವಿರ ಪಟ್ಟು ಇಳಿಸುತ್ತದೆ. ಒಂದೇ ಅಕ್ಷರ ಸಾಲಾಗಿ ಬರುವ ಕಡೆ ಪಾಲಿಮರೇಸ್ ಜಾರಿ, ಒಂದೆರಡು ಅಕ್ಷರ ಹೆಚ್ಚು ಕಡಿಮೆ ಆಗುವುದೂ ಇದೆ. ಆ ಪುಟ್ಟ ಕುಣಿಕೆಗಳನ್ನೂ ಎಂಎಂಆರ್ ಹಿಡಿಯುತ್ತದೆ.

ಈಗ ಕಷ್ಟ ಎಲ್ಲಿದೆ ನೋಡಿ. ಜಿ ಎದುರು ಟಿ ಕೂತಿದೆ. ಜಿ ಒಂದು ಸರಿಯಾದ ಬೇಸ್, ಟಿ ಕೂಡ ಸರಿಯಾದ ಬೇಸ್. ಯಾವುದಕ್ಕೂ ಗಾಯ ಇಲ್ಲ. ಇಬ್ಬರಲ್ಲಿ ಒಬ್ಬರು ಜಾಗ ತಪ್ಪಿ ಕೂತಿದ್ದಾರೆ, ಅಷ್ಟೆ. ಯಾರು ಅನ್ನುವುದು ಆ ಜೋಡಿಯನ್ನು ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಟಿ ತೆಗೆದು ಸಿ ಇಟ್ಟರೆ ರಿಪೇರಿ. ಜಿ ತೆಗೆದು ಎ ಇಟ್ಟರೆ ತಪ್ಪು ಶಾಶ್ವತವಾಗಿ ಉಳಿಯುತ್ತದೆ. ಎರಡೂ ಸಂದರ್ಭದಲ್ಲಿ ಕೊನೆಗೆ ಸಿಗುವ ಡಿಎನ್‌ಎ ನೋಡಲು ಅಚ್ಚುಕಟ್ಟಾಗೇ ಇರುತ್ತದೆ.

ಎನ್‌ಇಆರ್: ಗಾಯವೇ ಗುರುತು

ಎನ್‌ಇಆರ್‌ಗೆ ಈ ಕಷ್ಟ ಇಲ್ಲ. ಗಾಯ ಇರುವ ಎಳೆಯೇ ತಪ್ಪು ಎಳೆ. ಅದು ಹಳೆಯದೋ ಹೊಸದೋ ಎನ್ನುವುದು ಲೆಕ್ಕಕ್ಕಿಲ್ಲ. ಆದರೂ ಗಾಯ ಎಲ್ಲಿದೆ ಎಂದು ಪತ್ತೆ ಮಾಡುವುದು ಸುಲಭವೇನಲ್ಲ, ಯಾಕೆಂದರೆ ಗಾಯಗಳು ನೂರಾರು ಬಗೆ. ಒಂದೊಂದರ ಆಕಾರಕ್ಕೂ ಒಂದೊಂದು ಪ್ರೋಟೀನ್ ಇಡುವುದು ಆಗದ ಮಾತು.

ಕೋಶ ಕಂಡುಕೊಂಡಿರುವ ದಾರಿ ಎರಡು ಹಂತದ್ದು. ಮೊದಲು ಎಕ್ಸ್‌ಪಿಸಿ ಎಂಬ ಪ್ರೋಟೀನ್ ಬರುತ್ತದೆ. ಅದು ಗಾಯವನ್ನು ಮುಟ್ಟುವುದೇ ಇಲ್ಲ! ಗಾಯದಿಂದ ಜೋಡಿ ಸಡಿಲವಾದಾಗ ಎದುರಿನ ಆರೋಗ್ಯವಾದ ಎಳೆಯ ಬೇಸ್‌ಗಳು ಆಸರೆ ತಪ್ಪಿ ಹೊರಕ್ಕೆ ಹೊರಳುತ್ತವೆ. ಎಕ್ಸ್‌ಪಿಸಿ ಹಿಡಿದುಕೊಳ್ಳುವುದು ಅವನ್ನು. 2007ರಲ್ಲಿ ಯೀಸ್ಟ್‌ನ ಇದೇ ಬಗೆಯ ಪ್ರೋಟೀನಾದ ರ್ಯಾಡ್4ರ ಹರಳು ರಚನೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಗಾಯದ ರಸಾಯನ ಏನೇ ಇರಲಿ, ಎದುರಿನ ಎಳೆಯ ಸಡಿಲ ಒಂದೇ ಥರ. ಹಾಗಾಗಿ ಒಂದೇ ಪ್ರೋಟೀನ್ ಇಷ್ಟೊಂದು ಬಗೆಯ ಗಾಯಗಳಿಗೆ ಸಾಕಾಗುತ್ತದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸುಂದರ ಅನ್ನಿಸುವ ಭಾಗ ಇದು.

ಇದಕ್ಕೆ ಒಂದು ಮಿತಿಯೂ ಇದೆ. ಬಿಸಿಲಿನಿಂದ ಆಗುವ ಗಾಯಗಳಲ್ಲಿ ಅತಿ ಸಾಮಾನ್ಯವಾದ ಸೈಕ್ಲೊಬ್ಯುಟೇನ್ ಡೈಮರ್ ಸುರುಳಿಯನ್ನು ಅಷ್ಟೇನೂ ಸೊಟ್ಟ ಮಾಡುವುದಿಲ್ಲ. ಎಕ್ಸ್‌ಪಿಸಿಗೆ ಅದು ಸರಿಯಾಗಿ ಕಾಣುವುದಿಲ್ಲ. ಆಗ ಡಿಡಿಬಿ2 ಎಂಬ ಇನ್ನೊಂದು ಪ್ರೋಟೀನ್ ಮೊದಲು ಹೋಗಿ ಗಾಯವನ್ನು ನೇರವಾಗಿ ಹಿಡಿದು ಎಕ್ಸ್‌ಪಿಸಿಗೆ ಜಾಗ ತೋರಿಸಬೇಕು. ಸುರುಳಿಯನ್ನು ಜಾಸ್ತಿ ಬಗ್ಗಿಸುವ 6-4 ಎಂಬ ಗಾಯ ಕೆಲವೇ ಗಂಟೆಗಳಲ್ಲಿ ಮಾಯವಾದರೆ, ಡೈಮರ್‌ಗಳು ಒಂದು ದಿನ ಕಳೆದರೂ ಪೂರ್ತಿ ಹೋಗದೆ ಉಳಿಯುವುದು ಇದೇ ಕಾರಣಕ್ಕೆ.

ಎರಡನೇ ಹಂತ ಪರಿಶೀಲನೆ. ಎಕ್ಸ್‌ಪಿಸಿ ಕರೆದ ಮೇಲೆ ಟಿಎಫ್‌ಐಐಎಚ್ ಎಂಬ ದೊಡ್ಡ ಯಂತ್ರ ಬಂದು ಎರಡೂ ಎಳೆಗಳನ್ನು ಬಿಡಿಸುತ್ತದೆ. ಅದರೊಳಗಿನ ಎಕ್ಸ್‌ಪಿಡಿ ಎಂಬ ಭಾಗ ಒಂದು ಎಳೆಯನ್ನು ತನ್ನ ಸಣ್ಣ ಕಂಡಿಯ ಮೂಲಕ ಎಳೆದುಕೊಳ್ಳುತ್ತಾ ಮುಂದೆ ಸಾಗುತ್ತದೆ. ಅಂಟಿದ ಗಂಟು ಕಂಡಿಯಲ್ಲಿ ತೂರದೆ ಅದು ಸಿಕ್ಕಿಕೊಂಡು ನಿಂತರೆ, ಇಲ್ಲಿ ಗಾಯ ಇದೆ, ಇದೇ ಎಳೆಯಲ್ಲಿದೆ ಎಂದು ಖಾತ್ರಿ. ಆಗ ಎರಡು ಕತ್ತರಿಗಳು ಕೆಲಸಕ್ಕೆ ಬರುತ್ತವೆ. ಎಕ್ಸ್‌ಪಿಜಿ ಒಂದು ಕಡೆ, ಇಆರ್‌ಸಿಸಿ1-ಎಕ್ಸ್‌ಪಿಎಫ್ ಇನ್ನೊಂದು ಕಡೆ. ನಡುವೆ 24ರಿಂದ 32 ನ್ಯೂಕ್ಲಿಯೋಟೈಡ್‌ಗಳ ಒಂದು ತುಂಡು ಗಾಯದ ಸಮೇತ ಹೊರಬೀಳುತ್ತದೆ. ಖಾಲಿ ಜಾಗವನ್ನು ಪಾಲಿಮರೇಸ್ ತುಂಬುತ್ತದೆ, ಲೈಗೇಸ್ ಬೆಸೆಯುತ್ತದೆ.

ಪರಿಶೀಲನೆ ಬೇಕೇ ಬೇಕು ಎಂದು ಹೇಗೆ ಗೊತ್ತು? ಗಾಯವೇ ಇಲ್ಲದೆ, ಸುಮ್ನೆ ಕೆಲವು ಜೋಡಿಗಳನ್ನು ತಪ್ಪಾಗಿ ಎದುರುಬದುರು ಇಟ್ಟು ಒಂದು ಗುಳ್ಳೆಯಂತೆ ಮಾಡಿದ ಡಿಎನ್‌ಎಗೂ ಎಕ್ಸ್‌ಪಿಸಿ ಹೋಗಿ ಅಂಟುತ್ತದೆ. ಅದಕ್ಕೆ ಸಡಿಲ ಸಿಕ್ಕಿದರೆ ಸಾಕು. ಆದರೆ ಆ ಡಿಎನ್‌ಎಯನ್ನು ಎನ್‌ಇಆರ್ ಕತ್ತರಿಸುವುದಿಲ್ಲ. ಎಕ್ಸ್‌ಪಿಡಿಯನ್ನು ತಡೆದು ನಿಲ್ಲಿಸುವ ಗಂಟು ಅಲ್ಲಿಲ್ಲ. ಒಂದು ವೇಳೆ ಎನ್‌ಇಆರ್ ಜೋಡಿ ತಪ್ಪುಗಳನ್ನೂ ಕತ್ತರಿಸುವಂತಿದ್ದರೆ, ಅರ್ಧ ಸಲ ಸರಿಯಾದ ಅಕ್ಷರವನ್ನೇ ತೆಗೆದು ಹಾಕುತ್ತಿತ್ತು, ಅಲ್ವಾ?

ಒಂದು ವಿಷಯ ಇಲ್ಲಿ ಬೆರೆತುಹೋಗುವುದುಂಟು. 1987ರಲ್ಲಿ ಫಿಲಿಪ್ ಹನವಾಲ್ಟ್ ಅವರ ಗುಂಪು, ಕೆಲಸ ಮಾಡುತ್ತಿರುವ ಜೀನ್‌ನ ಎರಡು ಎಳೆಗಳಲ್ಲಿ ಆರ್‌ಎನ್‌ಎ ಬರೆಯಲು ಬಳಕೆಯಾಗುವ ಎಳೆಯೇ ಬೇಗ ರಿಪೇರಿಯಾಗುತ್ತದೆ ಎಂದು ತೋರಿಸಿತು. ಆರ್‌ಎನ್‌ಎ ಬರೆಯುವ ಕಿಣ್ವ ಗಾಯಕ್ಕೆ ಬಡಿದು ನಿಂತಾಗ ಅದೇ ಎನ್‌ಇಆರ್‌ಗೆ ಕರೆಯಾಗುತ್ತದೆ. ಇದೂ ಎಳೆಗಳ ನಡುವಿನ ಭೇದವೇ. ಆದರೆ ಯಾವ ಎಳೆ ಸರಿ, ಯಾವುದು ತಪ್ಪು ಎಂಬ ತೀರ್ಪಲ್ಲ. ಯಾವ ಎಳೆಯ ಗಾಯಕ್ಕೆ ಮೊದಲ ಸರದಿ ಎಂಬುದಷ್ಟೇ.

ಎಂಎಂಆರ್: ಗುರುತು ದೂರದಲ್ಲಿದೆ

ಜೋಡಿ ತಪ್ಪಿನಲ್ಲಿ ಗುರುತು ಇಲ್ಲದಿದ್ದರೆ ಅದನ್ನು ಹೊರಗಿನಿಂದ ತರಬೇಕು. ಇ. ಕೋಲೈ ಬ್ಯಾಕ್ಟೀರಿಯಾ ಇದನ್ನು ಮಾಡುವ ರೀತಿ ತುಂಬ ಚೊಕ್ಕವಾಗಿದೆ. ಅದರ ಡಿಎನ್‌ಎಯಲ್ಲಿ ಜಿಎಟಿಸಿ ಎಂಬ ನಾಲ್ಕಕ್ಷರ ಬಂದಲ್ಲೆಲ್ಲ ಡ್ಯಾಮ್ ಎಂಬ ಕಿಣ್ವ ಎ ಮೇಲೆ ಒಂದು ಮೀಥೈಲ್ ಗುಂಪು ಅಂಟಿಸುತ್ತದೆ. ಹಳೆಯ ಎಳೆಯಲ್ಲಿ ಈ ಚುಕ್ಕೆ ಆಗಲೇ ಇರುತ್ತದೆ. ಈಗಷ್ಟೇ ಬರೆದ ಎಳೆಗೆ ಚುಕ್ಕೆ ಬೀಳಲು ಸ್ವಲ್ಪ ಹೊತ್ತು ಬೇಕು. ಆ ಕೆಲ ಹೊತ್ತಿನಲ್ಲೇ ಎಂಎಂಆರ್ ತನ್ನ ಕೆಲಸ ಮುಗಿಸಬೇಕು.

ಮ್ಯೂಟ್‌ಎಸ್ ಜೋಡಿ ತಪ್ಪನ್ನು ಹಿಡಿಯುತ್ತದೆ. ಮ್ಯೂಟ್‌ಎಲ್ ಅದಕ್ಕೆ ಜೊತೆಯಾಗುತ್ತದೆ. ಇವೆರಡೂ ಸೇರಿ ಮ್ಯೂಟ್‌ಎಚ್ ಅನ್ನು ಚುರುಕುಗೊಳಿಸುತ್ತವೆ. ಮ್ಯೂಟ್‌ಎಚ್ ಹತ್ತಿರದ ಜಿಎಟಿಸಿಯಲ್ಲಿ ಚುಕ್ಕೆ ಇಲ್ಲದ ಎಳೆಯನ್ನು ಮಾತ್ರ ಸೀಳುತ್ತದೆ. ಆ ಸೀಳು ಜೋಡಿ ತಪ್ಪಿನಿಂದ ಸಾವಿರ ಅಕ್ಷರದಷ್ಟು ದೂರ ಇದ್ದರೂ ನಡೆಯುತ್ತದೆ. ಅಲ್ಲಿಂದ ಯುವಿಆರ್‌ಡಿ ಎಂಬ ಕಿಣ್ವ ಎಳೆಯನ್ನು ಬಿಡಿಸುತ್ತಾ ತಪ್ಪಿನ ಕಡೆಗೆ ಬರುತ್ತದೆ, ಬೇರೆ ಕಿಣ್ವಗಳು ಬಿಡಿಸಿದ ಎಳೆಯನ್ನು ತಿನ್ನುತ್ತಾ ತಪ್ಪನ್ನು ದಾಟುತ್ತವೆ. ಬ್ಯಾಕ್ಟೀರಿಯಾದ ಎನ್‌ಇಆರ್‌ನಲ್ಲಿ ಕತ್ತರಿಸಿದ ತುಂಡನ್ನು ಬಿಡಿಸುವುದೂ ಇದೇ ಯುವಿಆರ್‌ಡಿ. ಉಪಕರಣ ಒಂದೇ, ಅದನ್ನು ಯಾವ ಎಳೆಗೆ ಹಚ್ಚಬೇಕು ಎಂದು ಹೇಳುವವರು ಬೇರೆ.

ಕತ್ತರಿಸುವ ತುಂಡಿನ ಉದ್ದದಲ್ಲಿ ಎರಡಕ್ಕೂ ಇಷ್ಟು ವ್ಯತ್ಯಾಸ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಎನ್‌ಇಆರ್‌ನಲ್ಲಿ ತಪ್ಪು ಎಳೆಯ ಗುರುತು ಗಾಯದ ಜಾಗದಲ್ಲೇ ಇದೆ. ಆದ್ದರಿಂದ ಅದರ ಅಕ್ಕಪಕ್ಕ ಕತ್ತರಿಸಿದರೆ ಸಾಕು, ಮೂವತ್ತರ ಆಸುಪಾಸು. ಎಂಎಂಆರ್‌ನಲ್ಲಿ ಗುರುತು ಒಂದು ಕಡೆ, ತಪ್ಪು ಇನ್ನೊಂದು ಕಡೆ. ಗುರುತಿನಿಂದ ತಪ್ಪಿನವರೆಗೆ ಇಡೀ ದಾರಿಯನ್ನು ಅಳಿಸಿ ಬರೆಯಬೇಕು. ಹಾಗಾಗಿ ನೂರಾರು ಅಕ್ಷರ ಹೋಗುತ್ತವೆ.

ಚುಕ್ಕೆಯೇ ನಿರ್ಧಾರ ಮಾಡುತ್ತದೆ ಎಂಬುದಕ್ಕೆ ಎರಡು ಕಡೆಯಿಂದಲೂ ಸಾಕ್ಷಿ ಇದೆ. ಡ್ಯಾಮ್ ಇಲ್ಲದ ಬ್ಯಾಕ್ಟೀರಿಯಾದಲ್ಲಿ ಯಾವ ಎಳೆಗೂ ಚುಕ್ಕೆ ಇಲ್ಲ. ರಿಪೇರಿ ನಡೆಯುತ್ತದೆ, ಆದರೆ ಕಣ್ಣುಮುಚ್ಚಿ. ಮ್ಯುಟೇಶನ್ ಹೆಚ್ಚುತ್ತದೆ. ಡ್ಯಾಮ್ ಅತಿಯಾದರೆ? ಹೊಸ ಎಳೆಗೂ ಬೇಗನೆ ಚುಕ್ಕೆ ಬಿದ್ದು ಮ್ಯೂಟ್‌ಎಚ್‌ಗೆ ಸೀಳಲು ಜಾಗವೇ ಸಿಗುವುದಿಲ್ಲ. ಆಗಲೂ ಮ್ಯುಟೇಶನ್ ಹೆಚ್ಚುತ್ತದೆ. ಚುಕ್ಕೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಎರಡು ಎಳೆಗಳ ನಡುವೆ ವ್ಯತ್ಯಾಸ ಇದೆಯೇ ಎಂಬುದು ಮುಖ್ಯ.

ಮನುಷ್ಯರಲ್ಲಿ ಚುಕ್ಕೆ ಇಲ್ಲ, ಮತ್ತೆ ಏನಿದೆ?

ನಮ್ಮ ಕೋಶಗಳಲ್ಲಿ ಮ್ಯೂಟ್‌ಎಚ್ ಇಲ್ಲ, ಈ ಕೆಲಸಕ್ಕೆ ಜಿಎಟಿಸಿ ಚುಕ್ಕೆಯೂ ಇಲ್ಲ. ಜೋಡಿ ತಪ್ಪನ್ನು ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಜೋಡಿ ಹಿಡಿಯುತ್ತದೆ. ಎಂಎಲ್‌ಎಚ್1 ಮತ್ತು ಪಿಎಂಎಸ್2 ಜೋಡಿ ಜೊತೆಗೂಡುತ್ತದೆ. ಹೊಸ ಎಳೆಯ ಗುರುತು ಎಂದರೆ ಅದರಲ್ಲಿರುವ ಬಿರುಕು. ಒಂದು ಎಳೆಯ ನಕಲು ಚಿಕ್ಕ ಚಿಕ್ಕ ತುಂಡುಗಳಾಗಿ ಆಗುತ್ತದೆ, ಬೆಸೆಯುವ ಮುನ್ನ ಅಲ್ಲೆಲ್ಲ ಬಿರುಕುಗಳಿರುತ್ತವೆ. ಹಾಗಾಗಿ ಅಲ್ಲಿ ಗುರುತಿಗೆ ಕೊರತೆ ಇಲ್ಲ. ಆದರೆ ಇನ್ನೊಂದು ಎಳೆಯ ನಕಲು ಉದ್ದಕ್ಕೆ ಒಂದೇ ಓಟದಲ್ಲಿ ಸಾಗುತ್ತದೆ. ಅಲ್ಲಿ ಗುರುತು ಎಲ್ಲಿಂದ ಬರಬೇಕು?

ಇಲ್ಲಿ ಎರಡು ವಾದಗಳಿವೆ. ಪಾಲಿಮರೇಸ್ ಆಗಾಗ ಡಿಎನ್‌ಎ ಅಕ್ಷರದ ಬದಲು ಆರ್‌ಎನ್‌ಎ ಅಕ್ಷರ ಇಡುತ್ತದೆ, ಆರ್‌ಎನ್‌ಏಸ್ ಎಚ್2 ಅದನ್ನು ಕತ್ತರಿಸಿದಾಗ ಬಿರುಕು ಸಿಗುತ್ತದೆ ಎಂಬುದು ಒಂದು. 2013ರಲ್ಲಿ ಇದಕ್ಕೆ ಪ್ರಯೋಗಗಳ ಬೆಂಬಲ ಸಿಕ್ಕಿತು. ಆದರೆ ಆ ಕಿಣ್ವವನ್ನು ತೆಗೆದ ಯೀಸ್ಟ್‌ನಲ್ಲಿ ಎಂಎಂಆರ್ ಪೂರ್ತಿ ಕುಸಿಯುವುದಿಲ್ಲ. ಹಾಗಾಗಿ ಇದೊಂದೇ ದಾರಿ ಇರಲಾರದು.

ಇನ್ನೊಂದು ವಾದ ಪಿಸಿಎನ್‌ಎ ಎಂಬ ಬಳೆಯ ಮೇಲೆ ನಿಂತಿದೆ. ಪಾಲಿಮರೇಸ್ ಜಾರಿ ಬೀಳದಂತೆ ಹಿಡಿದಿಡುವ ಬಳೆ ಅದು. ಅದಕ್ಕೆ ಎರಡು ಮುಖ, ಎರಡೂ ಒಂದೇ ಥರ ಇಲ್ಲ. ಅದನ್ನು ಡಿಎನ್‌ಎಗೆ ತೊಡಿಸುವಾಗ ಒಂದು ನಿರ್ದಿಷ್ಟ ಮುಖ ಹೊಸ ಎಳೆ ಬೆಳೆಯುವ ತುದಿಯ ಕಡೆಗೇ ಇರುತ್ತದೆ. ನಕಲು ಮುಂದೆ ಹೋದರೂ ಬಳೆ ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತದೆ. ಅಂದರೆ ಯಾವ ಎಳೆ ಹೊಸದು ಎಂಬ ನೆನಪು ಬಳೆಯ ದಿಕ್ಕಿನಲ್ಲಿದೆ. ಪಿಎಂಎಸ್2 ಒಳಗೇ ಒಂದು ಕತ್ತರಿ ಅಡಗಿದೆ ಎಂದು 2006ರಲ್ಲಿ ಪಾಲ್ ಮೊಡ್ರಿಚ್ ಅವರ ಗುಂಪು ಕಂಡುಹಿಡಿಯಿತು. ಈ ಕತ್ತರಿ ಬಳೆಯ ಜೊತೆ ಸೇರಿದಾಗ ಚುರುಕಾಗುತ್ತದೆ ಮತ್ತು ಆಗಲೇ ಬಿರುಕಿರುವ ಎಳೆಯಲ್ಲೇ ಇನ್ನಷ್ಟು ಬಿರುಕು ಮಾಡುತ್ತದೆ. ನನಗೆ ಈ ಎರಡನೇ ವಾದಕ್ಕೆ ಜಾಸ್ತಿ ಬಲ ಇದೆ ಅನ್ನಿಸುತ್ತದೆ. ಯಾಕೆಂದರೆ ಅದು ಎರಡೂ ಎಳೆಗಳಿಗೆ ಒಂದೇ ವಿವರಣೆ ಕೊಡುತ್ತದೆ.

ಎರಡರಲ್ಲಿ ಯಾವುದೇ ಆಗಲಿ, ನಿಯಮ ಒಂದೇ: ಹಳೆಯ ಎಳೆಯನ್ನು ನಂಬು, ಹೊಸದನ್ನು ತೆಗೆ. ಈ ನಿಯಮ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಟೆಮೊಜೊಲೊಮೈಡ್ ತೋರಿಸುತ್ತದೆ.

ಹಳೆಯ ಎಳೆಯೇ ಕೆಟ್ಟಿದ್ದರೆ

ಈ ಔಷಧ ಡಿಎನ್‌ಎಯ ಹಲವು ಜಾಗಗಳಿಗೆ ಮೀಥೈಲ್ ಗುಂಪು ಅಂಟಿಸುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಜಿಯ ಆರನೇ ಆಮ್ಲಜನಕದ ಮೇಲೆ ಬೀಳುತ್ತದೆ. ಗಡ್ಡೆಯ ಕೋಶಗಳನ್ನು ಮುಖ್ಯವಾಗಿ ಕೊಲ್ಲುವುದು ಈ ಚಿಕ್ಕ ಪಾಲೇ. ಎಂಜಿಎಂಟಿ ಎಂಬ ಪ್ರೋಟೀನ್ ಇದ್ದರೆ ಅದು ಮೀಥೈಲ್ ಅನ್ನು ಕಿತ್ತುಕೊಂಡು ತಾನು ನಿಷ್ಕ್ರಿಯವಾಗುತ್ತದೆ, ತೊಂದರೆ ಅಲ್ಲಿಗೆ ಮುಗಿಯುತ್ತದೆ. ಅದಿಲ್ಲದ ಗಡ್ಡೆಯನ್ನು ನೋಡೋಣ.

ಮೀಥೈಲ್ ಅಂಟಿದ ಜಿ ಗಂಟಿನಷ್ಟು ದಪ್ಪವಲ್ಲ. ಎನ್‌ಇಆರ್ ಕಣ್ಣಿಗೆ ಅದು ಅಷ್ಟಾಗಿ ಬೀಳುವುದಿಲ್ಲ. ಕೋಶ ನಕಲಿಗೆ ಇಳಿಯುತ್ತದೆ. ಪಾಲಿಮರೇಸ್ ಆ ಕೆಟ್ಟ ಜಿ ಎದುರು ಹೆಚ್ಚಾಗಿ ಟಿ ಇಡುತ್ತದೆ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಇದನ್ನು ಜೋಡಿ ತಪ್ಪು ಎಂದು ಹಿಡಿಯುತ್ತವೆ. ಎಂಎಂಆರ್ ತನ್ನ ನಿಯಮದಂತೆ ಹೊಸ ಎಳೆಯನ್ನು ಅಳಿಸುತ್ತದೆ. ಆದರೆ ಗಾಯ ಇರುವುದು ಹಳೆಯ ಎಳೆಯಲ್ಲಿ! ಪಾಲಿಮರೇಸ್ ಮತ್ತೆ ಬರೆಯುತ್ತದೆ, ಅದೇ ಕೆಟ್ಟ ಜಿ ಎದುರು ಮತ್ತೆ ಟಿ. ಮತ್ತೆ ಅಳಿಸು, ಮತ್ತೆ ಬರೆ. ಖಾಲಿ ಜಾಗ ಉಳಿದೇ ಹೋಗುತ್ತದೆ. ಮುಂದಿನ ಸಲದ ನಕಲು ಈ ಖಾಲಿ ಜಾಗಕ್ಕೆ ಬಂದಾಗ ಎರಡೂ ಎಳೆ ಮುರಿಯಬಹುದು. ಕೋಶ ಸಾಯುವುದು ಸಾಮಾನ್ಯವಾಗಿ ಈ ಎರಡನೇ ಸುತ್ತಿನ ನಂತರ ಎಂಬುದು ಇದಕ್ಕೆ ಹೊಂದುತ್ತದೆ. ಇದೊಂದೇ ಕಾರಣವಲ್ಲ, ಎಂಎಂಆರ್ ಪ್ರೋಟೀನ್‌ಗಳು ನೇರವಾಗಿಯೇ ಕೋಶಕ್ಕೆ ಅಪಾಯದ ಸಂಕೇತ ಕೊಡುತ್ತವೆ ಎನ್ನುವ ಸಂಶೋಧಕರೂ ಇದ್ದಾರೆ. ಸಾವಿಗೆ ಎಂಎಂಆರ್ ಬೇಕು ಎಂಬುದರಲ್ಲಿ ಎರಡೂ ಕಡೆಯವರು ಒಪ್ಪುತ್ತಾರೆ.

ಈಗ ಎಂಎಸ್‌ಎಚ್6 ಕೆಟ್ಟುಹೋದ ಕೋಶವನ್ನು ನೋಡಿ. ಟಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಮುಂದಿನ ನಕಲಿನಲ್ಲಿ ಟಿ ಎದುರು ಎ ಕೂರುತ್ತದೆ. ಜಿ-ಸಿ ಇದ್ದ ಜಾಗ ಎ-ಟಿ ಆಗುತ್ತದೆ. ಮ್ಯುಟೇಶನ್ ಆಯಿತು, ಆದರೆ ಕೋಶ ಬದುಕಿತು. ಔಷಧ ಕೊಟ್ಟಷ್ಟೂ ಇಂಥ ಕೋಶಗಳೇ ಉಳಿದು ಹೆಚ್ಚುತ್ತವೆ. ಟೆಮೊಜೊಲೊಮೈಡ್ ನಂತರ ಮರಳಿ ಬಂದ ಕೆಲವು ಮಿದುಳಿನ ಗಡ್ಡೆಗಳಲ್ಲಿ ಎಂಎಸ್‌ಎಚ್6 ದೋಷ ಕಂಡಿರುವುದು ಹೀಗೆ.

ಸುದ್ದಿಗಳಿಗೆ ಮರಳಿದರೆ

ಸಿಸ್‌ಪ್ಲಾಟಿನ್ ಗಾಯವನ್ನು ಎನ್‌ಇಆರ್ ಕತ್ತರಿಸಿ ತೆಗೆಯುತ್ತದೆ. ಎಕ್ಸ್‌ಪಿಡಿ ಪ್ರೋಟೀನಿನ ಜೀನ್ ಹೆಸರು ಇಆರ್‌ಸಿಸಿ2. ಮೂತ್ರಕೋಶದ ಕೆಲವು ಗಡ್ಡೆಗಳಲ್ಲಿ ಈ ಜೀನ್ ಕೆಟ್ಟಿರುತ್ತದೆ. ಗಾಯ ಪರಿಶೀಲಿಸುವವರಿಲ್ಲ, ಕತ್ತರಿಯೂ ಬರುವುದಿಲ್ಲ, ಔಷಧ ಮಾಡಿದ ಗಾಯ ಹಾಗೇ ಉಳಿಯುತ್ತದೆ, ಕೋಶ ಸಾಯುತ್ತದೆ. ಅದೇ ಇಆರ್‌ಸಿಸಿ2 ಹುಟ್ಟಿನಿಂದಲೇ ದೇಹದ ಎಲ್ಲ ಕೋಶಗಳಲ್ಲಿ ಕೆಟ್ಟಿದ್ದರೆ ಜೆರೋಡರ್ಮಾ ಪಿಗ್ಮೆಂಟೋಸಮ್ ಬರಬಹುದು. ಆಗ ಬಿಸಿಲಿನ ಗಾಯ ಉಳಿದು, ಚರ್ಮದಲ್ಲಿ ಸಿ ಇದ್ದಲ್ಲಿ ಟಿ ಬರುವ ಮ್ಯುಟೇಶನ್‌ಗಳು ಕೂಡುತ್ತಾ ಹೋಗುತ್ತವೆ.

ಎಂಎಂಆರ್ ಕೆಟ್ಟಾಗ ತಪ್ಪುಗಳು ಬರುವುದು ನಕಲಿನಿಂದ. ಒಂದೇ ಅಕ್ಷರ ಸಾಲಾಗಿರುವ ಕಡೆ ಉದ್ದ ಏರುಪೇರಾಗುತ್ತದೆ. ಜೀನ್‌ನೊಳಗೆ ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ಅಲ್ಲಿಂದ ಮುಂದಿನ ಪ್ರೋಟೀನ್ ಪೂರ್ತಿ ಬೇರೆಯಾಗುತ್ತದೆ. ರೋಗನಿರೋಧಕ ಕೋಶಗಳಿಗೆ ಇಂಥ ಪ್ರೋಟೀನ್ ತುಣುಕುಗಳು ಪರಕೀಯವಾಗಿ ಕಾಣುತ್ತವೆ. ಪೆಂಬ್ರೊಲಿಜುಮ್ಯಾಬ್, ಡೋಸ್ಟಾರ್ಲಿಮ್ಯಾಬ್ ಆ ಕೋಶಗಳ ಮೇಲಿನ ತಡೆ ತೆಗೆಯುತ್ತವೆ. ಔಷಧ ರಿಪೇರಿ ದೋಷವನ್ನು ಮುಟ್ಟುವುದಿಲ್ಲ. ದೋಷದಿಂದ ಕೂಡಿದ ತಪ್ಪುಗಳನ್ನು ಬಳಸಿಕೊಳ್ಳುತ್ತದೆ.

ಪರೀಕ್ಷೆಯ ವರದಿಯಲ್ಲೂ ಈ ಭೇದ ಕಾಣುತ್ತದೆ. ಎಂಎಂಆರ್‌ಗೆ ಗಡ್ಡೆಯ ಚೂರಿಗೆ ಬಣ್ಣ ಹಾಕಿ ನಾಲ್ಕು ಪ್ರೋಟೀನ್ ಇವೆಯೇ ನೋಡುತ್ತಾರೆ. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಕೂಡ ಸಾಮಾನ್ಯವಾಗಿ ಕಾಣುವುದಿಲ್ಲ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕೂಡ. ಜೊತೆಗಾರ ಇಲ್ಲದೆ ಅವು ಉಳಿಯವು. ಈ ವರದಿ ಸರಿಯಾಗಿದೆ ಎಂದ ಮಾತ್ರಕ್ಕೆ ಎನ್‌ಇಆರ್ ಸರಿಯಿದೆ ಎಂದಲ್ಲ. ಅದಕ್ಕೆ ಕೋಶಗಳಿಗೆ ಅತಿನೇರಳೆ ಕಿರಣ ಹಾಯಿಸಿ, ನಕಲು ಮಾಡದ ಹೊತ್ತಿನಲ್ಲೂ ಹೊಸ ಡಿಎನ್‌ಎ ತುಂಬುತ್ತಿದೆಯೇ ಎಂದು ಅಳೆಯುವ ಬೇರೆಯದೇ ಪರೀಕ್ಷೆ ಇದೆ.

ಹಾಗಾದರೆ ಟೆಮೊಜೊಲೊಮೈಡ್‌ನಿಂದ ಎಂಎಂಆರ್ ಕಳೆದುಕೊಂಡ ಮಿದುಳಿನ ಗಡ್ಡೆಗೆ ಪೆಂಬ್ರೊಲಿಜುಮ್ಯಾಬ್ ಕೊಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಲೆಕ್ಕದ ಪ್ರಕಾರ ಅದು ನಾಟಬೇಕು, ಮ್ಯುಟೇಶನ್‌ಗಳಂತೂ ರಾಶಿ ಇವೆ. ಆದರೆ 2020ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಈ ಬಗೆಯ ಔಷಧ ಅಂಥ ಗಡ್ಡೆಗಳಲ್ಲಿ ಹೆಚ್ಚು ಫಲ ಕೊಟ್ಟಿರಲಿಲ್ಲ. ಆ ಮ್ಯುಟೇಶನ್‌ಗಳು ಚಿಕಿತ್ಸೆಯ ನಂತರ ತಡವಾಗಿ ಹುಟ್ಟಿದವು. ಒಂದು ಕೋಶದಲ್ಲಿರುವುದು ಪಕ್ಕದ ಕೋಶದಲ್ಲಿ ಇರುವುದಿಲ್ಲ. ರೋಗನಿರೋಧಕ ಕೋಶಗಳೂ ಆ ಗಡ್ಡೆಯೊಳಗೆ ಹೆಚ್ಚು ಬಂದಿರಲಿಲ್ಲ.